ಮ್ಯೂನಿಕ್‌ನಿಂದ ಮೂರು ದಿನದ ಬೆಟ್ಟ–ಕೆರೆ ಪ್ರವಾಸ: ಮೊದಲು ಹಾಸಿಗೆ, ಆಮೇಲೆ ಜಾಗ

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗದವನು, ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಹುಬ್ಬಳ್ಳಿಯ ಒಬ್ಬ, ಹಾವೇರಿಯ ಒಬ್ಬ ಗೆಳೆಯರು ಇಲ್ಲೇ ಕೆಲಸದಲ್ಲಿದ್ದಾರೆ. ಮೇ, ಜೂನ್‌ನಲ್ಲಿ ಸಾಲಾಗಿ ರಜೆ ಬರುತ್ತವೆ. ಮೂರು ದಿನ ಬೆಟ್ಟ, ನೀರು ನೋಡಿಕೊಂಡು ಬರಬೇಕು ಅಂತ ಆಸೆ. ತಲಾ 150 ಯೂರೋ ದಾಟಬಾರದು. ಕಾರ್ ಇಲ್ಲ. ಮೂವರೂ ಸಸ್ಯಾಹಾರಿಗಳು. ಆಸ್ಟ್ರಿಯಾಕ್ಕೆ ಹೋಗೋದಾ, ಜರ್ಮನಿಯಲ್ಲೇ ಇರೋದಾ? ಯಾವ ರಜೆ ಹಿಡಿಯಬೇಕು, ಹೇಗೆ ಪ್ಲ್ಯಾನ್ ಮಾಡಬೇಕು?

ಉತ್ತರ: ಜರ್ಮನಿಯಲ್ಲೇ ಇರಿ. ಆಸ್ಟ್ರಿಯಾ ಗಡಿಗೆ ಹತ್ತಿರದ ಬೆಟ್ಟದೂರು ಬೆರ್ಖ್ಟೆಸ್‌ಗಾಡೆನ್‌ಗೆ ಹೋಗಿ. ಮೂರೂ ದಿನ ಅದೊಂದೇ ಕಣಿವೆಯಲ್ಲಿ ಕಳೆಯಿರಿ. ಮೇ 14ರ ಗುರುವಾರದ ರಜೆ ಹಿಡಿಯಿರಿ. ಮತ್ತು ಈ ಉತ್ತರ ಓದಿದ ಮೇಲೆ ರೈಲು ನೋಡುವ ಮೊದಲು ಮಲಗುವ ಜಾಗ ಬುಕ್ ಮಾಡಿ. ಯಾಕೆ ಅಂತ ಈಗ ಹೇಳುತ್ತೇನೆ.

ನಾನು ಮ್ಯೂನಿಕ್ ಬಿಟ್ಟು ಧಾರವಾಡಕ್ಕೆ ಬಂದ ಮೇಲೂ ನಮ್ಮ ಕಡೆಯ ಹುಡುಗರು ಹುಡುಗಿಯರು ಅಲ್ಲಿಂದ ಕೇಳುತ್ತಲೇ ಇರುತ್ತಾರೆ. ಎಲ್ಲರೂ ಮೊದಲು ಕೇಳುವುದು ಟಿಕೆಟ್ ದರ. ನಿಮ್ಮ ವಿಷಯದಲ್ಲಿ ಅದು ಖರ್ಚೇ ಅಲ್ಲ. ನಿಮ್ಮಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಇದ್ದೇ ಇರುತ್ತದೆ. 2023ರ ಮೇನಲ್ಲಿ ತಿಂಗಳಿಗೆ 49 ಯೂರೋ ಅಂತ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದಿನಾ ಕಾಲೇಜಿಗೆ, ಆಫೀಸಿಗೆ ಹೋಗಲು ಅದನ್ನು ಹೇಗೂ ತೆಗೆದುಕೊಂಡಿರುತ್ತೀರಿ. ಅದೇ ಟಿಕೆಟ್‌ನಲ್ಲಿ ಜರ್ಮನಿಯ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಬೆರ್ಖ್ಟೆಸ್‌ಗಾಡೆನ್ ಕಣಿವೆಯ ಬಸ್ಸುಗಳೂ ಅದರಲ್ಲೇ ಸೇರಿವೆ. ಐಸಿಇ, ಐಸಿ ಅನ್ನುವ ದೂರದ ವೇಗದ ರೈಲು ಮಾತ್ರ ಹತ್ತುವಂತಿಲ್ಲ. ಗೆಳೆಯರಲ್ಲಿ ಯಾರ ಹತ್ತಿರವಾದರೂ ಈ ಟಿಕೆಟ್ ಇಲ್ಲದಿದ್ದರೆ ಆ ಒಂದು ತಿಂಗಳಿಗೆ ತೆಗೆದುಕೊಳ್ಳಲಿ. ಆದರೆ ಅದು ತಾನಾಗಿ ಮುಂದುವರಿಯುವ ಚಂದಾ. ಅದೇ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ನೀವು ಹೊರಡುವುದು 14ಕ್ಕೆ. ಹಾಗಾಗಿ ಪ್ರವಾಸಕ್ಕೆ ಮೊದಲೇ ರದ್ದು ಮಾಡಬೇಕು. ರದ್ದು ಮಾಡಿದರೂ ಮೇ ಮುಗಿಯುವವರೆಗೆ ಟಿಕೆಟ್ ನಡೆಯುತ್ತದೆ, ಹೆದರಬೇಡಿ.

ಅಂದರೆ ನಿಮ್ಮ 150 ಯೂರೋ ಪೂರ್ತಿ ಹಾಸಿಗೆ, ದೋಣಿ, ಊಟಕ್ಕೆ ಉಳಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸಿಗೆಗೇ ಹೋಗುತ್ತದೆ. ರೈಲು ಎಷ್ಟೇ ತುಂಬಿದರೂ ನಿಂತುಕೊಂಡಾದರೂ ಹೋಗಬಹುದು. ಹಾಸಿಗೆ ತುಂಬಿದರೆ ಪ್ರವಾಸವೇ ಇಲ್ಲ, ಅಥವಾ ಒಂದು ರಾತ್ರಿಗೆ ನೂರಕ್ಕೂ ಮೇಲೆ ಕೊಟ್ಟು ಹೋಟೆಲ್ ಹಿಡಿಯಬೇಕು. ಅದಕ್ಕೇ ರಜೆ ಆರಿಸುವುದೂ ಹಾಸಿಗೆ ನೋಡಿಯೇ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಈ ಕಾಲಕ್ಕೆ ಬರುವ ಮೂರು ದೊಡ್ಡ ರಜೆಗಳು ಈಸ್ಟರ್ ಮೇಲೆ ನಿಂತಿವೆ. ಈಸ್ಟರ್ ಭಾನುವಾರ ಆದ 39ನೇ ದಿನ, ಗುರುವಾರ, ಕ್ರಿಸ್ತನ ಸ್ವರ್ಗಾರೋಹಣ. 50ನೇ ದಿನ ಪೆಂಟೆಕೋಸ್ಟ್ ಸೋಮವಾರ. 60ನೇ ದಿನ, ಮತ್ತೆ ಗುರುವಾರ, ಫ್ರೋನ್‌ಲೈಖ್‌ನಾಮ್. 2026ರಲ್ಲಿ ಇವು ಮೇ 14, ಮೇ 25, ಜೂನ್ 4ಕ್ಕೆ ಬಂದಿವೆ. ಹೊಸದಾಗಿ ಬಂದವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ಪೆಂಟೆಕೋಸ್ಟ್ ಆದ ಕೂಡಲೇ ಬವೇರಿಯಾದ ಶಾಲೆಗಳಿಗೆ ಎರಡು ವಾರ ರಜೆ. ಎರಡನೆಯದೂ ಮೂರನೆಯದೂ ಆ ರಜೆಗೆ ಅಂಟಿಕೊಂಡಿವೆ. ಆಗ ಮಕ್ಕಳನ್ನು ಕಟ್ಟಿಕೊಂಡು ಇಡೀ ಇಡೀ ಕುಟುಂಬಗಳು ಬೆಟ್ಟದ ಕಡೆ ಹೊರಡುತ್ತವೆ. ಯೂತ್ ಹಾಸ್ಟೆಲ್‌ನಲ್ಲಿ ನಾಲ್ಕು ಹಾಸಿಗೆಯ ಕೋಣೆ ಮೊದಲು ಹೋಗುವುದು ಅಂಥ ಕುಟುಂಬಗಳಿಗೇ. ಮೇ 14ರಂದು ಶಾಲೆಗಳು ನಡೆಯುತ್ತಿರುತ್ತವೆ. ಮರುದಿನ ಶುಕ್ರವಾರ ಮಕ್ಕಳಿಗೆ ಕ್ಲಾಸ್ ಇರುತ್ತದೆ, ಅಪ್ಪ ಅಮ್ಮ ಎಲ್ಲಿಗೂ ಹೋಗುವಂತಿಲ್ಲ. ನಿಮ್ಮ ಗೆಳೆಯರು ಶುಕ್ರವಾರ ಒಂದು ದಿನ ರಜೆ ಹಾಕಿದರೆ ಸಾಕು. ಆದರೆ ಆಫೀಸಿನಲ್ಲಿ ಈಗಲೇ ಕೇಳಲಿ. ಈ ನಡುವಿನ ಶುಕ್ರವಾರದ ಮೇಲೆ ಅಲ್ಲಿ ಎಲ್ಲರ ಕಣ್ಣೂ ಇರುತ್ತದೆ.

ಇನ್ನು ಹಾಸಿಗೆ. ಬೆರ್ಖ್ಟೆಸ್‌ಗಾಡೆನ್‌ನ ಯೂತ್ ಹಾಸ್ಟೆಲ್ ಪಕ್ಕದ ಬಿಷೋಫ್ಸ್‌ವೀಸೆನ್‌ನ ಷ್ಟ್ರೂಬ್ ಅನ್ನುವಲ್ಲಿದೆ. ಒಬ್ಬರಿಗೆ ರಾತ್ರಿಗೆ 40 ಯೂರೋ ಆಸುಪಾಸು ಅಂತ ಇಟ್ಟುಕೊಳ್ಳಿ. ಬೆಳಗಿನ ತಿಂಡಿ, ಹಾಸಿಗೆ ಬಟ್ಟೆ ಅದರಲ್ಲೇ ಬರುತ್ತವೆ. ಸದಸ್ಯತ್ವ ಕಾರ್ಡ್ ಬೇಕು. ಅದು ವರ್ಷದ ಲೆಕ್ಕ. 26 ವಯಸ್ಸಿನವರೆಗೆ ಕಡಿಮೆ ದರ, ಅದರ ಮೇಲೆ ಜಾಸ್ತಿ. ವರ್ಷದಲ್ಲಿ ಇನ್ನೆರಡು ಕಡೆ ಉಳಿದರೂ ಅದೇ ಕಾರ್ಡ್ ನಡೆಯುತ್ತದೆ. ಇದಲ್ಲದೆ ಊರಿನ ಪ್ರವಾಸಿ ತೆರಿಗೆ ಅಂತ ರಾತ್ರಿಗೆ ಒಂದೆರಡು ಯೂರೋ ಮೇಲೆ ಕೇಳುತ್ತಾರೆ. ಅದು ಮೋಸ ಅಲ್ಲ, ಆ ಇಡೀ ಪ್ರದೇಶದಲ್ಲಿ ಇದೆ. ಬುಕ್ ಮಾಡುವಾಗ ಎಷ್ಟು ದಿನ ಮೊದಲು ರದ್ದು ಮಾಡಿದರೆ ದುಡ್ಡು ವಾಪಸ್ ಅಂತ ಓದಿಕೊಳ್ಳಿ. ಅಡುಗೆಮನೆ ಸಿಗುತ್ತದೆ ಅಂತ ನಂಬಿಕೊಂಡು ಅಕ್ಕಿ ಬೇಳೆ ಹೊರಬೇಡಿ. ಜರ್ಮನ್ ಯೂತ್ ಹಾಸ್ಟೆಲ್‌ಗಳಲ್ಲಿ ಅತಿಥಿಗಳಿಗೆ ಅಡುಗೆಮನೆ ಇರುವುದು ಕಡಿಮೆ. ಡೇರೆ ಹಾಕಿ ಮಲಗುವ ಯೋಚನೆಯೂ ಬೇಡ. ಬೆರ್ಖ್ಟೆಸ್‌ಗಾಡೆನ್ ರಾಷ್ಟ್ರೀಯ ಉದ್ಯಾನದೊಳಗೆ ಅದಕ್ಕೆ ನಿಷೇಧ ಇದೆ, ದಂಡ ಬೀಳುತ್ತದೆ.

ನೀವು ಕೇಳಿದ ಆಸ್ಟ್ರಿಯಾದ ಮಾತು. ಸಾಲ್ಜ್‌ಬರ್ಗ್ ಹತ್ತಿರವೇ ಇದೆ, ನಿಮ್ಮ ಟಿಕೆಟ್ ಅಲ್ಲಿನ ಮುಖ್ಯ ನಿಲ್ದಾಣದವರೆಗೂ ನಡೆಯುತ್ತದೆ. ಆದರೆ ಮುಂದೆ ಬೆಟ್ಟದ ಕಡೆ ಹೋಗಲು ಮತ್ತೆ ಟಿಕೆಟ್ ಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ 2015ರಿಂದ ತಪಾಸಣೆ ಇಟ್ಟಿದೆ. ವಾಪಸ್ ಬರುವಾಗ ಪೊಲೀಸರು ರೈಲು ಹತ್ತಿ ಕಾಗದ ಕೇಳುತ್ತಾರೆ. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಇದ್ದರೆ ತೊಂದರೆ ಇಲ್ಲ. ನಿಮ್ಮಂಥ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ಕಾರ್ಡ್ ನವೀಕರಣಕ್ಕೆ ಹೋಗಿರುತ್ತದೆ, ಕೈಯಲ್ಲಿ ತಾತ್ಕಾಲಿಕ ಪತ್ರ ಮಾತ್ರ ಇರುತ್ತದೆ. ಆ ಪತ್ರದಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇವೆ. ಕೆಲವಕ್ಕೆ ದೇಶ ಬಿಟ್ಟು ಮರಳಿ ಬರುವ ಹಕ್ಕು ಇಲ್ಲ. ನಿಮ್ಮದು ಯಾವುದು ಅಂತ ಖಾತ್ರಿ ಆಗುವವರೆಗೆ ಗಡಿ ದಾಟಬೇಡಿ. ಬೆರ್ಖ್ಟೆಸ್‌ಗಾಡೆನ್‌ಗೆ ಹೋಗುವ ರೈಲು ದಾರಿ ಪೂರ್ತಿ ಜರ್ಮನಿಯೊಳಗೇ ಇದೆ. ಆದರೂ ಕಾಗದ ಜೊತೆಗಿರಲಿ, ಗಡಿಯ ಹತ್ತಿರ ಎಲ್ಲಿ ಬೇಕಾದರೂ ಕೇಳುತ್ತಾರೆ.

ದಾರಿ ಸುಲಭ. ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಸಾಲ್ಜ್‌ಬರ್ಗ್ ಕಡೆಯ ಪ್ರಾದೇಶಿಕ ರೈಲು ಹತ್ತಿ. ಫ್ರೈಲಾಸಿಂಗ್‌ನಲ್ಲಿ ಇಳಿದು ಬೆರ್ಖ್ಟೆಸ್‌ಗಾಡೆನ್ ರೈಲು ಹಿಡಿಯಿರಿ. ಒಟ್ಟು ಎರಡೂವರೆಯಿಂದ ಮೂರು ಗಂಟೆ. ಫ್ರೈಲಾಸಿಂಗ್‌ನಲ್ಲಿ ನಿದ್ದೆ ಹೋದರೆ ಮುಂದಿನ ನಿಲ್ದಾಣಗಳು ಆಸ್ಟ್ರಿಯಾದವು. ಅದಕ್ಕೇ ಒಬ್ಬರಾದರೂ ಎಚ್ಚರ ಇರಿ. ನಿಮ್ಮ ಮನೆ ಮ್ಯೂನಿಕ್‌ನ ಪೂರ್ವ ನಿಲ್ದಾಣ ಓಸ್ಟ್‌ಬಾನ್‌ಹೋಫ್ ಹತ್ತಿರ ಇದ್ದರೂ ಹಿಂದಕ್ಕೆ ಬಂದು ಮುಖ್ಯ ನಿಲ್ದಾಣದಲ್ಲೇ ಹತ್ತಿ. ರಜೆ ದಿನ ಬೆಳಗ್ಗೆ ರೈಲು ಅಲ್ಲೇ ತುಂಬುತ್ತದೆ, ಓಸ್ಟ್‌ಗೆ ಬರುವಾಗ ಸೀಟು ಉಳಿದಿರುವುದಿಲ್ಲ.

ರೈಲು ಹುಡುಕುವಾಗ DB Navigator ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಬೇಗ ಮುಟ್ಟಿಸುವ ಐಸಿಇ ಮೊದಲು ಬರುತ್ತದೆ, ನೋಡದೆ ಹತ್ತಿ ದಂಡ ಕಟ್ಟಿದವರು ಬಹಳ ಜನ ಇದ್ದಾರೆ. ಫಲಿತಾಂಶದಲ್ಲಿ SEV ಅಂತ ಮೂರು ಅಕ್ಷರ ಕಂಡರೆ ಆ ತುಂಡಿನಲ್ಲಿ ಹಳಿ ಕೆಲಸ ನಡೆದಿದೆ, ರೈಲಿನ ಬದಲು ಬಸ್ಸು ಬಿಟ್ಟಿದ್ದಾರೆ ಅಂತ ಅರ್ಥ. ಸಾಲು ರಜೆಗಳಲ್ಲಿ ಇದು ಆಗಾಗ ಆಗುತ್ತದೆ. ಹಾಗಿದ್ದರೆ ಪ್ರಯಾಣಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಬುಕ್ ಮಾಡುವಾಗ ಒಮ್ಮೆ ನೋಡಿ, ಹೊರಡುವ ಹಿಂದಿನ ರಾತ್ರಿ ಮತ್ತೊಮ್ಮೆ ನೋಡಿ.

ಈಗ ಮೂರು ದಿನದ ಲೆಕ್ಕ. ಗುರುವಾರ ಬೆಳಗ್ಗೆ ಬೇಗ ಹೊರಟರೆ ಹತ್ತು–ಹನ್ನೊಂದಕ್ಕೆ ಬೆರ್ಖ್ಟೆಸ್‌ಗಾಡೆನ್. ಬ್ಯಾಗ್ ಹಾಸ್ಟೆಲ್‌ನಲ್ಲಿ ಇಟ್ಟು ಬಸ್ಸಿನಲ್ಲಿ ಕೋನಿಗ್ಸೀ ಸರೋವರಕ್ಕೆ ಹೋಗಿ. ಅವತ್ತು ದೋಣಿ ಹತ್ತಬೇಡಿ. ಸರಕಾರಿ ರಜೆಯ ಮಧ್ಯಾಹ್ನ ಅಲ್ಲಿ ಜಾತ್ರೆ ಸೇರಿರುತ್ತದೆ, ಟಿಕೆಟ್ ಸಾಲಿನಲ್ಲೇ ದಿನ ಮುಗಿಯುತ್ತದೆ. ದೋಣಿಕಟ್ಟೆಯ ಪಕ್ಕದಿಂದ ಮಾಲರ್‌ವಿಂಕೆಲ್ ಅನ್ನುವ ಸುತ್ತು ದಾರಿ ಇದೆ. ಒಂದೂವರೆ ಗಂಟೆ ನಿಧಾನಕ್ಕೆ ನಡೆಯಬಹುದು, ದುಡ್ಡಿಲ್ಲ. ಸರೋವರ ಉದ್ದಕ್ಕೆ ಕಾಣುತ್ತದೆ. ನಾಳೆಯ ಮೊದಲ ದೋಣಿ ಎಷ್ಟಕ್ಕೆ, ಸರೋವರದ ಆ ತುದಿಯ ಸಾಲೆಟ್‌ನಿಂದ ಕೊನೆಯ ದೋಣಿ ಎಷ್ಟಕ್ಕೆ ಅಂತ ಬೋರ್ಡ್ ನೋಡಿ ಫೋಟೋ ತೆಗೆದುಕೊಳ್ಳಿ.

ಶುಕ್ರವಾರ ನಿಮ್ಮ ದೊಡ್ಡ ದಿನ. ಮೊದಲ ದೋಣಿಗೇ ಹೋಗಿ, ಎಂಟರ ಸುಮಾರಿಗೆ ಇರುತ್ತದೆ. ಹಾಸ್ಟೆಲ್ ತಿಂಡಿ ಆ ಹೊತ್ತಿಗೆ ಸಿಗದಿದ್ದರೆ ಹಿಂದಿನ ಸಂಜೆ ಹೇಳಿ, ಬುತ್ತಿ ಕಟ್ಟಿಕೊಡುವ ಪದ್ಧತಿ ಇದೆ. ಟಿಕೆಟ್ ಸಾಲೆಟ್‌ವರೆಗೆ ತೆಗೆದುಕೊಳ್ಳಿ, ಹೋಗಿ ಬರಲು 30 ಯೂರೋ ಇಟ್ಟುಕೊಳ್ಳಿ. ಈ ಖರ್ಚು ಉಳಿಸಬೇಡಿ ಅಂತ ನನ್ನ ಮಾತು. ಉಳಿದೆಲ್ಲ ಕಡೆ ಹಿಡಿದು ಇಲ್ಲಿ ಬಿಡಬೇಕು. 1909ರಿಂದ ಅಲ್ಲಿ ವಿದ್ಯುತ್ ದೋಣಿಗಳೇ ಓಡುತ್ತವೆ, ಸದ್ದೇ ಇಲ್ಲ. ನಡುವೆ ಒಂದು ಬಂಡೆಗೋಡೆಯ ಮುಂದೆ ದೋಣಿ ನಿಲ್ಲಿಸಿ ತುತ್ತೂರಿ ಊದುತ್ತಾರೆ, ಗೋಡೆ ಅದನ್ನು ವಾಪಸ್ ಊದುತ್ತದೆ. ಸರೋವರದ ನೀರಿನ ಮಟ್ಟ ಸಮುದ್ರದಿಂದ 603 ಮೀಟರ್, ನಮ್ಮ ಧಾರವಾಡಕ್ಕಿಂತ ತಗ್ಗು. ಆದರೆ ಪಕ್ಕದಲ್ಲೇ ವಾಟ್ಜ್‌ಮನ್ ಬೆಟ್ಟ 2,713 ಮೀಟರ್‌ಗೆ ಎದ್ದಿದೆ. ಎರಡು ಸಾವಿರ ಮೀಟರ್ ಗೋಡೆ ನೀರಿನಿಂದ ನೆಟ್ಟಗೆ ಮೇಲೆ ಹೋಗುವುದನ್ನು ನೋಡಲು ಬೇರೆ ಕಡೆ ಇದಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ.

ಕೆಂಪು ಗುಮ್ಮಟದ ಸೇಂಟ್ ಬಾರ್ತೊಲೊಮೆ ಚರ್ಚ್ ದಾರಿಯಲ್ಲೇ ಬರುತ್ತದೆ. ಹೋಗುವಾಗ ಅಲ್ಲಿ ಇಳಿಯಬೇಡಿ, ಹೆಚ್ಚಿನವರು ಇಳಿಯುವುದು ಅಲ್ಲೇ. ನೀವು ಸಾಲೆಟ್‌ವರೆಗೆ ಕೂತುಕೊಳ್ಳಿ, ಸುಮಾರು ಒಂದು ಗಂಟೆ. ಅಲ್ಲಿಂದ ಕಾಲು ಗಂಟೆ ನಡೆದರೆ ಓಬರ್ಸೀ ಅನ್ನುವ ಸಣ್ಣ ಸರೋವರ. ಅದರ ದಂಡೆ ಹಿಡಿದು ಇನ್ನೊಂದು ಗಂಟೆ ನಡೆದರೆ ಫಿಷುಂಕೆಲ್ ಆಲ್ಮ್. ಆಲ್ಮ್ ಅಂದರೆ ಬೇಸಿಗೆಯಲ್ಲಿ ದನ ಮೇಯಿಸಲು ಬರುವವರ ಕಟ್ಟಿಗೆ ಮನೆ ಮತ್ತು ಹುಲ್ಲುಗಾವಲು. ಎದುರಿಗೆ ರ‍್ಯೋಟ್‌ಬಾಖ್ ಜಲಪಾತ ಕಾಣುತ್ತದೆ, ಒಟ್ಟು ಎತ್ತರ ಸುಮಾರು 470 ಮೀಟರ್. ಜೋಗ 253 ಮೀಟರ್ ಅಂತ ನೆನಪಿಟ್ಟುಕೊಂಡು ನೋಡಿ. ಜೋಗದ ಅಬ್ಬರ ಇದಕ್ಕಿಲ್ಲ, ಬಂಡೆ ಮೇಲೆ ಹರಿದು ಇಳಿಯುವ ತೆಳ್ಳನೆ ನೀರು. ಮೇ ತಿಂಗಳಲ್ಲಿ ಮೇಲಿನ ಹಿಮ ಕರಗುತ್ತಿರುವುದರಿಂದ ಅದು ತುಂಬಿರುತ್ತದೆ. ಆಗಸ್ಟ್‌ನಲ್ಲಿ ಬಂದವರು ಇಷ್ಟು ನೀರು ಕಾಣುವುದಿಲ್ಲ. ಜಲಪಾತದ ಬುಡಕ್ಕೆ ಇನ್ನೂ ಅರ್ಧ ಗಂಟೆ. ಮಧ್ಯಾಹ್ನ ಒಂದರ ಹೊತ್ತಿಗೆ ಸಾಲೆಟ್‌ಗೆ ಮರಳಿ, ಬರುವಾಗ ಬಾರ್ತೊಲೊಮೆಯಲ್ಲಿ ಇಳಿದು ನೋಡಿ.

ಇಲ್ಲಿ ಎರಡು ಅಪಾಯ ಇವೆ, ಎರಡನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮೊದಲನೆಯದು ಕೊನೆಯ ದೋಣಿ. ಸಾಲೆಟ್‌ನಿಂದ ದಂಡೆ ಹಿಡಿದು ಊರಿಗೆ ನಡೆದು ಬರಲು ದಾರಿಯೇ ಇಲ್ಲ, ಎರಡೂ ಕಡೆ ಕಡಿದಾದ ಬಂಡೆ. ಇರುವ ದಾರಿ ಎತ್ತರದ ಬೆಟ್ಟ ಹತ್ತಿ ಇಳಿಯುವುದು, ಮೇನಲ್ಲಿ ಅಲ್ಲಿ ಹಿಮ ಇರುತ್ತದೆ. ನೃಪತುಂಗ ಬೆಟ್ಟ ಹತ್ತಿದ ಧೈರ್ಯದಲ್ಲಿ ಅದಕ್ಕೆ ಕೈ ಹಾಕುವಂತಿಲ್ಲ. ಕೊನೆಯ ದೋಣಿಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸಾಲು ಉದ್ದ ಆಗುತ್ತದೆ. ಅದಕ್ಕೇ ಅದಕ್ಕಿಂತ ಎರಡು ಗಂಟೆ ಮೊದಲಿನ ದೋಣಿಯೇ ನಿಮ್ಮ ಕೊನೆಯ ದೋಣಿ ಅಂತ ತಿಳಿಯಿರಿ.

ಎರಡನೆಯದು ನೀರು. ಹಿಮ ಕರಗಿದ ನೀರು ಅದು, ಬೇಸಿಗೆಯಲ್ಲೂ ತಣ್ಣಗೆ. ಈಜು ಬಂದರೂ ಒಮ್ಮೆಲೇ ಜಿಗಿದರೆ ಉಸಿರು ಕಟ್ಟುತ್ತದೆ, ಕೈಕಾಲು ಮಾತು ಕೇಳುವುದಿಲ್ಲ. ಕೋನಿಗ್ಸ್‌ಬಾಖ್ ಜಲಪಾತದ ಮೇಲೆ ಕಲ್ಲಿನ ಹೊಂಡಗಳಿವೆ. ಅಲ್ಲಿಂದ ಸರೋವರ ಕಾಣುವ ಫೋಟೋಗಳನ್ನು ನೀವು ಇನ್‌ಸ್ಟಾಗ್ರಾಂನಲ್ಲಿ ನೋಡಿಯೇ ಇರುತ್ತೀರಿ. 2019ರಲ್ಲಿ ಅಲ್ಲಿ ಇಬ್ಬರು ಯುವಕರು ಮುಳುಗಿ ಸತ್ತರು. ಜನರ ತುಳಿತದಿಂದ ಕಾಡೂ ಹಾಳಾಯಿತು. 2021ರಲ್ಲಿ ಆಡಳಿತ ಆ ಜಾಗಕ್ಕೆ ಪ್ರವೇಶ ಮುಚ್ಚಿತು. ಹಳೆಯ ವಿಡಿಯೋ ನೋಡಿಕೊಂಡು ಆ ದಾರಿ ಹುಡುಕಬೇಡಿ. ಗೆಳೆಯ ಹಟ ಮಾಡಿದರೂ ಬಿಡಬೇಡಿ.

ಓಬರ್ಸೀ ದಂಡೆಯ ದಾರಿ ಕಷ್ಟದ್ದಲ್ಲ, ಆದರೆ ಕೆಲವು ಕಡೆ ಕಲ್ಲಿನ ಮೆಟ್ಟಿಲು, ಬೇರು, ಕಿರಿದಾದ ಜಾಗ ಇವೆ. ಮಳೆ ಬಿದ್ದಾಗ ಸುಣ್ಣಕಲ್ಲು ಜಾರುತ್ತದೆ. ದುಬಾರಿ ಬೂಟು ಬೇಡ. ಇರುವ ಶೂ ತಿರುಗಿಸಿ ಅಡಿ ನೋಡಿ. ಹಲ್ಲು ಸವೆದು ನುಣ್ಣಗಾಗಿದ್ದರೆ ಅದು ಬೇಡ, ಡೆಕಾತ್ಲಾನ್‌ನಲ್ಲಿ ಕಡಿಮೆ ದರದ ಟ್ರೆಕಿಂಗ್ ಶೂ ಸಾಕು. ಒಂದು ಮಳೆ ಜಾಕೆಟ್, ಒಂದು ಸ್ವೆಟರ್ ಇರಲೇಬೇಕು. ಬೆಳಗಿನ ದೋಣಿಯಲ್ಲಿ ಮೇ ತಿಂಗಳೂ ಡಿಸೆಂಬರ್ ಥರ ಕೊರೆಯುತ್ತದೆ. ಶುಕ್ರವಾರ ಮಳೆ ಅಂತ ಮುನ್ಸೂಚನೆ ಇದ್ದರೆ ಶುಕ್ರವಾರ ಶನಿವಾರದ ಕೆಲಸ ಅದಲು ಬದಲು ಮಾಡಿ. ಅದಕ್ಕೇ ದೋಣಿ ಟಿಕೆಟ್ ಬಹಳ ಮೊದಲೇ ತೆಗೆದುಕೊಳ್ಳಬೇಡಿ.

ಓಬರ್ಸೀ ಕಡೆ ಫೋನ್ ಸಿಗ್ನಲ್ ನಂಬಬೇಡಿ. ಆಗ ಜರ್ಮನಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ ಇರುತ್ತದೆ. ನೀವು ಸಂಜೆ ಏಳಕ್ಕೆ ಫೋನ್ ಮಾಡಿದರೆ ಗದಗದಲ್ಲಿ ಅವ್ವ ರಾತ್ರಿ ಹತ್ತೂವರೆವರೆಗೆ ಎದೆ ಹಿಡಿದುಕೊಂಡು ಕೂತಿರುತ್ತಾರೆ. ದೋಣಿ ಹತ್ತುವ ಮೊದಲೇ ಮಾತಾಡಿ, ಅಲ್ಲಿ ಆಗ ಹನ್ನೊಂದೂವರೆ.

ಊಟದ ವಿಷಯಕ್ಕೆ ಬರೋಣ. ಇಲ್ಲಿ ಎಡವುವವರೇ ಜಾಸ್ತಿ. ಬವೇರಿಯಾದಲ್ಲಿ ಸರಕಾರಿ ರಜೆಗೂ ಭಾನುವಾರಕ್ಕೂ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ. ಉಳಿದ ದಿನ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಅಂದರೆ ಗುರುವಾರದ ಸಾಮಾನು ಬುಧವಾರ ಎಂಟರೊಳಗೆ ಮನೆ ಸೇರಬೇಕು. ಶುಕ್ರವಾರ ಸಂಜೆ ಬೆರ್ಖ್ಟೆಸ್‌ಗಾಡೆನ್‌ನಲ್ಲಿ ಶನಿವಾರಕ್ಕೆ ಬೇಕಾದ್ದು ಕೊಂಡುಕೊಳ್ಳಿ. ಫಿಷುಂಕೆಲ್ ಆಲ್ಮ್‌ನಲ್ಲಿ ಹಾಲು, ಚೀಸ್ ಬ್ರೆಡ್ ಸಿಗುತ್ತದೆ, ಆದರೆ ದನ ಬೇಸಿಗೆಗೆ ಮೇಲೆ ಬಂದ ಮೇಲೆ. ಮೇ ನಡುವೆ ಬಾಗಿಲು ಮುಚ್ಚಿದ್ದರೆ ಹಸಿದುಕೊಂಡು ಬರಬೇಕಾಗುತ್ತದೆ, ಬುತ್ತಿ ನಿಮ್ಮದೇ ಇರಲಿ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಊರಿಂದ ಬಂದದ್ದು ಇದ್ದೇ ಇರುತ್ತದೆ, ಅಲ್ವಾ? ಅದು ಕೆಡುವುದಿಲ್ಲ, ತೂಕ ಇಲ್ಲ. ಸೂಪರ್ ಮಾರ್ಕೆಟ್‌ನ ಒಂದು ಡಬ್ಬಿ ಮೊಸರು, ಸೌತೆಕಾಯಿ ಸೇರಿಸಿದರೆ ಮಧ್ಯಾಹ್ನದ ಊಟ ಆಯಿತು. ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಇಡಿ, ಬ್ಯಾಗ್‌ನಲ್ಲಿ ಹಾಗೇ ಇಟ್ಟರೆ ಪುಡಿಯಾಗುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಹೋಟೆಲ್‌ನಲ್ಲಿ ಒಂದು ಸಲ ತಿನ್ನುವುದಾದರೆ ‘ಮಾಂಸ ಬೇಡ’ ಅಂದರಷ್ಟೇ ಸಾಲದು. ಹೊಗೆ ಹಾಕಿದ ಹಂದಿ ಮಾಂಸದ ಸಣ್ಣ ಚೂರು, ಅಲ್ಲಿ ಸ್ಪೆಕ್ ಅನ್ನುತ್ತಾರೆ, ಕಡುಬಿನಂಥ ಕ್ನೋಡೆಲ್‌ನಲ್ಲೂ ಆಲೂಗಡ್ಡೆ ಪಲ್ಯದಲ್ಲೂ ಇರುತ್ತದೆ. ‘ಓನೆ ಫ್ಲೈಶ್, ಓನೆ ಸ್ಪೆಕ್’ ಅಂತ ಎರಡನ್ನೂ ಹೇಳಿ. ಕೇಸ್‌ಷ್ಪೆಟ್ಸ್‌ಲೆ, ಅಂದರೆ ಚೀಸ್ ಹಾಕಿದ ಹಿಟ್ಟಿನ ಶಾವಿಗೆ, ಮೂವರಿಗೂ ಹಿಡಿಸುತ್ತದೆ. ಸೂಪ್ ಬಿಡಿ, ಹೆಚ್ಚಿನವು ಮಾಂಸದ ನೀರಿನವು. ಸ್ವಲ್ಪ ನಗದು ಇಟ್ಟುಕೊಳ್ಳಿ, ಹಳ್ಳಿ ಕಡೆ ಎಲ್ಲರೂ ಕಾರ್ಡ್ ತೆಗೆದುಕೊಳ್ಳುವುದಿಲ್ಲ.

ಶನಿವಾರ ಬ್ಯಾಗ್ ಹಾಸ್ಟೆಲ್‌ನಲ್ಲೋ ಸ್ಟೇಷನ್‌ನಲ್ಲೋ ಇಟ್ಟು ಬಸ್ಸಿನಲ್ಲಿ ರಾಮ್ಸೌ ದಾಟಿ ಹಿಂಟರ್ಸೀಗೆ ಹೋಗಿ. ಸಾವಿರಾರು ವರ್ಷಗಳ ಹಿಂದೆ ಬೆಟ್ಟ ಕುಸಿದು ಬಂಡೆಗಳು ನೀರಿಗೆ ಒಡ್ಡು ಕಟ್ಟಿದವು, ಅದರಿಂದ ಆದ ಸರೋವರ ಅದು. ಆ ಬಂಡೆಗಳ ಮೇಲೆಯೇ ಈಗ ಕಾಡು ಬೆಳೆದಿದೆ, ತ್ಸೌಬರ್‌ವಾಲ್ಡ್ ಅನ್ನುತ್ತಾರೆ. ಬಂಡೆ, ಪಾಚಿ, ನಡುವೆ ಹಳ್ಳ. ಎರಡು ಗಂಟೆ ಆರಾಮಾಗಿ ಹೋಗುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ರೈಲು ಹತ್ತಿ. ಭಾನುವಾರ ಸಂಜೆ ಮ್ಯೂನಿಕ್ ಕಡೆಯ ರೈಲಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಶನಿವಾರ ಹಾಗಲ್ಲ. ಮೂರನೇ ರಾತ್ರಿಯ 40 ಯೂರೋ ಕೂಡ ಉಳಿಯಿತು.

ತಲಾ ಲೆಕ್ಕ ಹೀಗೆ: ಎರಡು ರಾತ್ರಿಗೆ 80, ತೆರಿಗೆಗೆ 5, ದೋಣಿಗೆ 30, ಸಾಮಾನು ಮತ್ತು ಒಂದು ಊಟಕ್ಕೆ 30. ಒಟ್ಟು 145. ಸದಸ್ಯತ್ವ ಕಾರ್ಡ್ ವರ್ಷದ ಖರ್ಚು, ಅದನ್ನು ಬೇರೆ ಇಡಿ. ರಜೆ ದಿನ ಹಾಸಿಗೆ ದರ ಸ್ವಲ್ಪ ಏರಿದ್ದರೆ ಹೋಟೆಲ್ ಊಟ ಬಿಟ್ಟರೆ ಸರಿಹೋಗುತ್ತದೆ.

ಮೇ 14ಕ್ಕೆ ಹಾಸಿಗೆ ತುಂಬಿದ್ದರೆ ಮೇ 1 ನೋಡಿ. 2026ರಲ್ಲಿ ಅದು ಶುಕ್ರವಾರ, ಯಾರೂ ರಜೆ ಹಾಕಬೇಕಿಲ್ಲ. ಆದರೆ ಸಾಲೆಟ್‌ವರೆಗಿನ ದೋಣಿ ಏಪ್ರಿಲ್ ಕೊನೆಯ ಹೊತ್ತಿಗೆ ಶುರುವಾಗುವುದು. ಅದಕ್ಕೆ ಮೊದಲು ಬಾರ್ತೊಲೊಮೆವರೆಗೆ ಮಾತ್ರ. ಆ ವರ್ಷದ ವೇಳಾಪಟ್ಟಿಯಲ್ಲಿ ಸಾಲೆಟ್ ಹೆಸರು ಇದೆಯಾ ಅಂತ ನೋಡಿಯೇ ಹಾಸಿಗೆ ಹಿಡಿಯಿರಿ. ಅದೂ ಸಿಗದಿದ್ದರೆ ಒಂದೇ ರಾತ್ರಿ ಬುಕ್ ಮಾಡಿ: ಮೊದಲ ದಿನ ಹಿಂಟರ್ಸೀ, ಮರುದಿನ ಮೊದಲ ದೋಣಿ, ಸಂಜೆ ರೈಲು. ಆಗ ತಲಾ ನೂರು ಯೂರೋ ಸಾಕು.